"ಕೊಟ್ಟಾಯ್ತಾ?" ಅಲ್ಲ, "ಎಷ್ಟು ಗಂಟೆಗೆ?": ಸರ್ಜರಿಗೆ ಮುಂಚಿನ ಆಂಟಿಬಯಾಟಿಕ್ ಸಮಯದ ಆಡಿಟ್, ಒಂದು ಪ್ರಕರಣ

ನಮ್ಮದು ಜಿಲ್ಲಾ ಕೇಂದ್ರದ ಒಂದು ಮಧ್ಯಮ ಗಾತ್ರದ ಆಸ್ಪತ್ರೆ. ಎರಡು ಓಟಿ ಇವೆ. ಒಂದರಲ್ಲಿ ಸಿಸೇರಿಯನ್ ಮತ್ತು ಗರ್ಭಕೋಶದ ಸರ್ಜರಿಗಳು, ಇನ್ನೊಂದರಲ್ಲಿ ಹರ್ನಿಯಾ, ಮೂಳೆ, ಉಳಿದದ್ದೆಲ್ಲ. ನಾನು ಅಲ್ಲಿ ಅನಸ್ತೇಷಿಯಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಓಟಿ ರಿಜಿಸ್ಟರ್‌ನಲ್ಲಿ "ಪ್ರೊಫಿಲ್ಯಾಕ್ಟಿಕ್ ಆಂಟಿಬಯಾಟಿಕ್ ಕೊಡಲಾಗಿದೆಯೇ", ಅಂದರೆ ಸೋಂಕು ಬರದಂತೆ ಮುಂಚೆಯೇ ಕೊಡುವ ಆಂಟಿಬಯಾಟಿಕ್ ಕೊಟ್ಟಿದ್ದಾರಾ, ಅಂತ ಒಂದು ಕಾಲಂ ಇದೆ, ಪುಟ ತಿರುಗಿಸಿದಷ್ಟೂ ಅದರಲ್ಲಿ "ಹೌದು, ಹೌದು, ಹೌದು". ತಿಂಗಳ ಕೊನೆಗೆ ಇದೇ "ಹೌದು"ಗಳನ್ನು ಎಣಿಸಿ ಕ್ವಾಲಿಟಿ ರಿಪೋರ್ಟ್‌ಗೆ ಸೇರಿಸುತ್ತಾರೆ, ಸಂಖ್ಯೆ ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ಆದರೆ ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್ ಕೇಳುವುದು ಕೊಟ್ಟಿದ್ದೀರಾ ಅಂತ ಮಾತ್ರ ಅಲ್ಲ, ನಿಗದಿತ ಸಮಯದೊಳಗೆ ಕೊಟ್ಟಿದ್ದೀರಾ ಅಂತ. ಆ ಸಮಯ ನಮ್ಮ ರಿಜಿಸ್ಟರ್‌ನಲ್ಲಿ ಎಲ್ಲೂ ಇರಲಿಲ್ಲ.

ಒಂದು ಕೇಸನ್ನು ಹತ್ತಿರದಿಂದ ನೋಡಿದರೆ ವಿಷಯ ಗೊತ್ತಾಗುತ್ತದೆ. ಜಾಲರಿ ಹಾಕಿ ಹರ್ನಿಯಾ ರಿಪೇರಿ, ಲಿಸ್ಟ್‌ನಲ್ಲಿ ಎರಡನೇ ಕೇಸು. ವಾರ್ಡ್‌ನ ಡ್ರಗ್ ಚಾರ್ಟ್ ಪ್ರಕಾರ ಸೆಫಜೋಲಿನ್ 2 ಗ್ರಾಂ ಬೆಳಿಗ್ಗೆ 07:40ಕ್ಕೆ ಕೊಟ್ಟಿದ್ದಾರೆ. ಮೊದಲ ಕೇಸು ಎಳೆಯಿತು, ಪೇಷಂಟ್ ಹೊರಗೆ ಸ್ಟ್ರೆಚರ್ ಮೇಲೆ ಕಾಯುತ್ತಾ ಇದ್ದರು. ಇನ್ಸಿಷನ್, ಅಂದರೆ ಚರ್ಮ ಕೊಯ್ಯುವುದು, ಆಗಿದ್ದು 10:25ಕ್ಕೆ. ಅಂದರೆ 165 ನಿಮಿಷದ ಅಂತರ. ಹೊಲಿಗೆ ಮುಗಿದಾಗ 11:40. ಸೆಫಜೋಲಿನ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿನ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಕಿಡ್ನಿ ಸರಿಯಾಗಿದ್ದವರಲ್ಲಿ ಸುಮಾರು 1.8 ಗಂಟೆ. ಆ ಲೆಕ್ಕದಲ್ಲಿ ಚಾಕು ಚರ್ಮಕ್ಕೆ ತಾಗುವ ಹೊತ್ತಿಗೆ ಶುರುವಿನ ಮಟ್ಟದ ಮೂರನೇ ಒಂದು ಭಾಗ ಉಳಿದಿತ್ತು, ಗಾಯ ಮುಚ್ಚುವಾಗ ಐದನೇ ಒಂದು ಭಾಗ. ಇದು ಒರಟು ಲೆಕ್ಕ. ಆದರೂ ನಾವು ಜಾಲರಿ ಇಡುವ ಹೊತ್ತಿನಲ್ಲೇ ಔಷಧ ತಳ ಮುಟ್ಟುತ್ತಾ ಇತ್ತು ಅನ್ನುವುದು ಸ್ಪಷ್ಟ. ಇಷ್ಟಾದರೂ ರಿಜಿಸ್ಟರ್‌ನಲ್ಲಿ ಈ ಕೇಸಿನ ಮುಂದೆ ಬರೆದಿರುವುದು "ಹೌದು".

ವಾರ್ಡ್ ಸಿಸ್ಟರ್ ಹತ್ತಿರ ಕೇಳಿದಾಗ ಅವರು ಹೇಳಿದ್ದು ಸರಿಯಾಗಿಯೇ ಇತ್ತು: "ಸರ್, ಓಟಿಗೆ ಕಳಿಸೋ ಮುಂಚೆ ಕೊಡಿ ಅಂತ ಆರ್ಡರ್ ಇರುತ್ತೆ, ಕೊಟ್ಟು ಕಳಿಸ್ತೀವಿ. ಅಲ್ಲಿ ಎಷ್ಟು ಹೊತ್ತು ಕಾಯಿಸ್ತೀರಿ ಅಂತ ನಮಗೆ ಹೇಗೆ ಗೊತ್ತಾಗಬೇಕು?" ಅವರ ಚಾರ್ಟ್‌ನಲ್ಲಿ ಇನ್ಸಿಷನ್ ಸಮಯ ಇಲ್ಲ. ನಮ್ಮ ಅನಸ್ತೇಷಿಯಾ ಚಾರ್ಟ್‌ನಲ್ಲಿ ಆಂಟಿಬಯಾಟಿಕ್ ಸಮಯ ಇಲ್ಲ. ಎರಡು ಸಮಯಗಳು ಎರಡು ಕಾಗದಗಳಲ್ಲಿವೆ, ಅವನ್ನು ಅಕ್ಕಪಕ್ಕ ಇಟ್ಟು ಕಳೆಯುವವರು ಯಾರೂ ಇಲ್ಲ. ಈ ಕಳೆಯುವ ಲೆಕ್ಕಕ್ಕಾಗಿಯೇ ನಾವು ಆಡಿಟ್ ಹಾಕಿಕೊಂಡದ್ದು.

ಯಾವ ಅಳತೆಗೋಲು?

ಇಲ್ಲೇ ಮೊದಲ ಜಗಳ. 1961ರಲ್ಲಿ ಜಾನ್ ಬರ್ಕ್ ಗಿನಿಪಿಗ್‌ಗಳ ಮೇಲೆ ಮಾಡಿದ ಪ್ರಯೋಗದಿಂದ ಒಂದು ವಿಷಯ ಗೊತ್ತಾಯಿತು: ಬ್ಯಾಕ್ಟೀರಿಯಾ ಅಂಗಾಂಶಕ್ಕೆ ಸೇರುವ ಹೊತ್ತಿಗೆ ಔಷಧ ಅಲ್ಲಿದ್ದರೆ ತುಂಬಾ ಪ್ರಯೋಜನ, ಮೂರು ಗಂಟೆ ಕಳೆದು ಕೊಟ್ಟರೆ ಕೊಡದಿದ್ದಂತೆಯೇ. ಆಮೇಲೆ 1992ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಿಂದ ಕ್ಲಾಸೆನ್ ಮತ್ತು ಜೊತೆಗಾರರು 2,847 ಪೇಷಂಟ್‌ಗಳ ಲೆಕ್ಕ ಕೊಟ್ಟರು. ಇನ್ಸಿಷನ್‌ಗೆ ಮುಂಚಿನ ಎರಡು ಗಂಟೆಯೊಳಗೆ ಕೊಟ್ಟವರಲ್ಲಿ ಗಾಯದ ಸೋಂಕು 0.6%, ಅದಕ್ಕಿಂತ ಮುಂಚೆಯೇ ಕೊಟ್ಟುಬಿಟ್ಟವರಲ್ಲಿ 3.8%. ಅಂದರೆ ತುಂಬಾ ಮುಂಚೆ ಕೊಡುವುದೂ ತಡವಾಗಿ ಕೊಡುವಷ್ಟೇ ಕೆಟ್ಟದ್ದು. ನಮ್ಮ ವಾರ್ಡ್‌ಗಳಲ್ಲಿ ಆಗುತ್ತಿರುವುದು ಜಾಸ್ತಿ ಈ ಮುಂಚಿನ ತಪ್ಪೇ.

2013ರ ಅಮೆರಿಕದ ಜಂಟಿ ಮಾರ್ಗಸೂಚಿ 60 ನಿಮಿಷ ಅನ್ನುತ್ತದೆ, ವ್ಯಾಂಕೊಮೈಸಿನ್ ಮತ್ತು ಫ್ಲೋರೋಕ್ವಿನೋಲೋನ್‌ಗಳಿಗೆ ಮಾತ್ರ 120. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಲ್ಲದಕ್ಕೂ 120 ನಿಮಿಷದೊಳಗೆ ಅಂತ ಹೇಳಿ, ಔಷಧದ ಅರ್ಧಾಯುಷ್ಯ ನೋಡಿಕೊಳ್ಳಿ, ಸೆಫಜೋಲಿನ್‌ನಂಥವನ್ನು ಇನ್ನೂ ಹತ್ತಿರಕ್ಕೆ ತನ್ನಿ ಅಂತ ಸೇರಿಸಿತು. ನಮ್ಮ ಸರ್ಜನ್ ಒಬ್ಬರು "120 ಅಂತ ಇದೆಯಲ್ಲ, ಹಾಗಾದರೆ ನಮ್ಮದು ಅಷ್ಟೇನೂ ಕೆಟ್ಟಿಲ್ಲ" ಅಂದರು. ನನ್ನ ಅಭಿಪ್ರಾಯ ಬೇರೆ. ನಾವು ಬಳಸುವುದು ಬಹುತೇಕ ಸೆಫಜೋಲಿನ್. ಹಾಗಾಗಿ ಮುಖ್ಯ ಅಳತೆಗೋಲು 60 ನಿಮಿಷ ಅಂತಲೇ ಬರೆದೆವು. 60ರಿಂದ 120ರ ನಡುವೆ ಬಿದ್ದವರಿಗೆ ಪ್ರತ್ಯೇಕ ಗುಂಪು ಇಟ್ಟೆವು, ಯಾರಿಗಾದರೂ ಬೇಕಿದ್ದರೆ ಆ ಲೆಕ್ಕವನ್ನೂ ತೋರಿಸಬಹುದು. ಆದರೆ ಆಡಿಟ್ ಶುರುವಾದ ಮೇಲೆ ಅಳತೆಗೋಲು ಬದಲಾಯಿಸುವಂತಿಲ್ಲ. ಇದನ್ನು ಮೊದಲೇ ಬರೆದು ಸಹಿ ಹಾಕಿಸಿಕೊಂಡೆವು.

60 ನಿಮಿಷದ ಒಳಗೆ ಯಾವಾಗ ಕೊಟ್ಟರೆ ಇನ್ನೂ ಒಳ್ಳೆಯದು ಅನ್ನುವ ಚರ್ಚೆಗೆ ನಾವು ಹೋಗಲಿಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಪೇಷಂಟ್‌ಗಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಟ್ರಯಲ್‌ನಲ್ಲಿ ಬೇಗ ಕೊಟ್ಟ ಗುಂಪಿಗೂ ಇನ್ಸಿಷನ್‌ಗೆ ಹತ್ತಿರ ಕೊಟ್ಟ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಆ 60 ನಿಮಿಷದ ಕಿಟಕಿಯ ಒಳಗೆ ಬಿದ್ದರೆ ಸರಿ. ಇನ್ಸಿಷನ್‌ಗೆ ಒಂದೆರಡು ನಿಮಿಷ ಮುಂಚೆ ಕೊಟ್ಟದ್ದನ್ನೂ "ಸರಿ" ಅಂತಲೇ ಎಣಿಸುತ್ತೇವೆ, ನಿಮಿಷ ಹೇಗೂ ಹಾಳೆಯಲ್ಲಿ ಇರುತ್ತದೆ.

ಸಿಸೇರಿಯನ್ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮಗುವಿಗೆ ಔಷಧ ತಲುಪಬಾರದು ಅಂತ ಹೊಕ್ಕುಳಬಳ್ಳಿಗೆ ಕ್ಲ್ಯಾಂಪ್ ಹಾಕಿದ ಮೇಲೆ ಕೊಡುವ ಅಭ್ಯಾಸ ಮುಂಚೆ ಇತ್ತು, ನಮ್ಮಲ್ಲಿ ಕೆಲವರಿಗೆ ಈಗಲೂ ಇದೆ. ಇನ್ಸಿಷನ್‌ಗೆ ಮುಂಚೆ ಕೊಟ್ಟರೆ ತಾಯಿಗೆ ಸೋಂಕು ಕಡಿಮೆ, ಮಗುವಿಗೆ ತೊಂದರೆ ಹೆಚ್ಚಿದ್ದು ಕಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸೂ ಹಾಗೇ ಇದೆ. ಆದ್ದರಿಂದ ಕ್ಲ್ಯಾಂಪ್ ನಂತರ ಕೊಟ್ಟದ್ದು ನಮ್ಮ ಆಡಿಟ್‌ನಲ್ಲಿ "ತಡ". ಇದಕ್ಕೆ ಹೆರಿಗೆ ವಿಭಾಗದ ಮುಖ್ಯಸ್ಥರು ಒಪ್ಪಿದ ಮೇಲೆಯೇ ಮುಂದಕ್ಕೆ ಹೋದದ್ದು. ಅವರು ಒಪ್ಪದೆ ಹೋಗಿದ್ದರೆ ಅರ್ಧ ಕೇಸುಗಳ ಫಲಿತಾಂಶ ಬರೀ ವಾದವಾಗಿ ಮುಗಿಯುತ್ತಿತ್ತು.

ಯಾರು ಒಳಗೆ, ಯಾರು ಹೊರಗೆ

ಪ್ರೊಫಿಲ್ಯಾಕ್ಸಿಸ್ ಬೇಕು ಅಂತ ಆಸ್ಪತ್ರೆಯ ಪಾಲಿಸಿಯಲ್ಲಿ ಇರುವ ಎಲ್ಲ ಸರ್ಜರಿಗಳು ಒಳಗೆ. ಎಮರ್ಜೆನ್ಸಿಯೂ ಒಳಗೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ "ರಾತ್ರಿ ಕೇಸು ಬಿಡಿ ಸರ್, ಆ ಗಡಿಬಿಡಿಯಲ್ಲಿ ಎಲ್ಲಿ ಸಾಧ್ಯ" ಅಂತ ಎಲ್ಲರೂ ಹೇಳುತ್ತಾರೆ. ಆ ಗಡಿಬಿಡಿಯಲ್ಲೇ ಡೋಸ್ ತಪ್ಪುವುದು. ಅವನ್ನು ಬಿಟ್ಟರೆ ಆಡಿಟ್‌ಗೆ ಅರ್ಥವೇ ಇಲ್ಲ. ಎಣಿಸುವಾಗ ಯೋಜಿತ ಮತ್ತು ಎಮರ್ಜೆನ್ಸಿ ಬೇರೆ ಬೇರೆ ತೋರಿಸುತ್ತೇವೆ ಅಷ್ಟೆ.

ಹೊರಗೆ ಇಡುವುದು ಒಂದೇ ದೊಡ್ಡ ಗುಂಪು: ಆಗಲೇ ಸೋಂಕಿಗೆ ಚಿಕಿತ್ಸೆಯಾಗಿ ಆಂಟಿಬಯಾಟಿಕ್ ಪಡೆಯುತ್ತಿರುವವರು, ಉದಾಹರಣೆಗೆ ಕರುಳು ತೂತಾಗಿ ಬಂದವರು. ಅವರಲ್ಲಿಯೂ ಇನ್ಸಿಷನ್ ಹೊತ್ತಿಗೆ ಔಷಧದ ಮಟ್ಟ ಇರಬೇಕು, ಆದರೆ ಅಲ್ಲಿನ ಪ್ರಶ್ನೆ ಬೇರೆ. ಹೊರಗಿಟ್ಟವರಿಗೂ ಹಾಳೆ ತುಂಬುತ್ತೇವೆ, "ಹೊರಗೆ, ಕಾರಣ ಇಂಥದು" ಅಂತ. ಎಷ್ಟು ಜನರನ್ನು ಹೊರಗೆ ಹಾಕಿದೆವು ಅಂತ ಕಾಣದಿದ್ದರೆ, ಕೆಟ್ಟ ಕೇಸುಗಳೆಲ್ಲ ಸದ್ದಿಲ್ಲದೆ ಅದೇ ಬಾಗಿಲಿನಿಂದ ಹೊರಗೆ ಹೋಗುತ್ತವೆ.

ಎಷ್ಟು ಕೇಸು? ಈಗ ಸುಮಾರು 70% ಸರಿಯಿರಬಹುದು ಅಂತ ಊಹಿಸಿ, ಆಚೀಚೆ 10% ತಪ್ಪನ್ನು ಒಪ್ಪಿಕೊಂಡರೆ ಲೆಕ್ಕ ಹೀಗೆ:

```
n = 1.96² × 0.7 × 0.3 ÷ 0.1² ≈ 81
```

81 ಕೇಸು. ಆರಿಸಿಕೊಳ್ಳುವಂತಿಲ್ಲ, ಸಾಲಾಗಿ ಬಂದ ಎಲ್ಲವೂ. ಜೊತೆಗೆ, 81 ಬೇಗ ಮುಗಿದರೂ ಕನಿಷ್ಠ ನಾಲ್ಕು ವಾರ ನಡೆಸಬೇಕು ಅಂತ ಸೇರಿಸಿದೆವು. ಯಾಕೆಂದರೆ ಎರಡು ವಾರದಲ್ಲಿ ಎಲ್ಲ ಸರ್ಜನ್‌ಗಳ ಲಿಸ್ಟ್, ಎಲ್ಲ ರಾತ್ರಿ ಡ್ಯೂಟಿಗಳು ಬಂದಿರುವುದಿಲ್ಲ.

ಹಾಳೆ

ಮೊದಲ ಕರಡಿನಲ್ಲಿ ಎರಡು ಪುಟ ಇತ್ತು. ಸಕ್ಕರೆ ಮಟ್ಟ, ಕೂದಲು ತೆಗೆದ ವಿಧಾನ, ಮೈ ಬಿಸಿ, ಎಲ್ಲವನ್ನೂ ಸೇರಿಸೋಣ ಅಂತ ಪ್ರತಿಯೊಬ್ಬರೂ ಒಂದೊಂದು ಹೇಳಿದರು. ಎಲ್ಲವನ್ನೂ ಹೊಡೆದು ಹಾಕಿ ಒಂದೇ ಮುಖಕ್ಕೆ ತಂದೆವು. ಓಟಿಯಲ್ಲಿ ನಿಂತುಕೊಂಡು, ಇನ್ನೊಂದು ಕೆಲಸದ ನಡುವೆ ತುಂಬುವ ಹಾಳೆ ಇದು. ಹೆಸರು, ಐಪಿ ನಂಬರ್ ಇದರಲ್ಲಿ ಇಲ್ಲ. ಆಡಿಟ್ ನಂಬರನ್ನು ಐಪಿ ನಂಬರ್‌ಗೆ ಜೋಡಿಸುವ ಪುಸ್ತಕ ಬೇರೆ, ಅದು ಕ್ವಾಲಿಟಿ ವಿಭಾಗದ ಬೀಗದೊಳಗೆ. ಸರ್ಜನ್ ಮತ್ತು ಅನಸ್ತೇಷಿಯಾ ಡಾಕ್ಟರ್ ಹೆಸರೂ ಇಲ್ಲ.

| ಕ್ರಮ | ಏನು ಬರೆಯಬೇಕು | ಹೇಗೆ |
|---|---|---|
| 1 | ಆಡಿಟ್ ನಂಬರ್, ದಿನಾಂಕ, ಓಟಿ | ಓಟಿ 1 / ಓಟಿ 2 |
| 2 | ಸರ್ಜರಿ | ಪೂರ್ತಿ ಹೆಸರು |
| 3 | ಯೋಜಿತ / ಎಮರ್ಜೆನ್ಸಿ | ಒಂದಕ್ಕೆ ಟಿಕ್ |
| 4 | ಆಗಲೇ ಚಿಕಿತ್ಸೆಗೆ ಆಂಟಿಬಯಾಟಿಕ್ ಇದೆಯೇ | ಇದ್ದರೆ "ಹೊರಗೆ", ಕಾರಣ |
| 5 | ತೂಕ | ಕೆಜಿ |
| 6 | ಔಷಧ ಮತ್ತು ಡೋಸ್ | ವಯಲ್ ನೋಡಿ |
| 7 | ಔಷಧ ಶುರು ಮಾಡಿದ ಸಮಯ | 24 ಗಂಟೆ, ನಿಮಿಷ ಸಹಿತ |
| 8 | ಔಷಧ ಮುಗಿದ ಸಮಯ | ಡ್ರಿಪ್‌ನಲ್ಲಿ ಕೊಟ್ಟಿದ್ದರೆ ಮಾತ್ರ |
| 9 | ಎಲ್ಲಿ ಕೊಟ್ಟದ್ದು | ವಾರ್ಡ್ / ಹೊರಗೆ ಕಾಯುವ ಜಾಗ / ಓಟಿ ಒಳಗೆ |
| 10 | ಟೂರ್ನಿಕೆ ಬಿಗಿದ ಸಮಯ | ಬಳಸಿದ್ದರೆ ಮಾತ್ರ |
| 11 | ಇನ್ಸಿಷನ್ ಸಮಯ | ಚಾಕು ಚರ್ಮಕ್ಕೆ ತಾಗಿದ ನಿಮಿಷ |
| 12 | ಚರ್ಮ ಮುಚ್ಚಿದ ಸಮಯ | 24 ಗಂಟೆ |
| 13 | ಎರಡನೇ ಡೋಸ್ | ಸಮಯ / ಕೊಟ್ಟಿಲ್ಲ |
| 14 | ಸಮಯ ಎಲ್ಲಿಂದ ಸಿಕ್ಕಿತು | ಕಣ್ಣಾರೆ ನೋಡಿ / ಚಾರ್ಟ್‌ನಿಂದ |
| 15 | ಕಿಟಕಿ ತಪ್ಪಿದ್ದರೆ ಕಾರಣ | ಒಂದು ಸಾಲು |

ಕೆಲವು ಸಾಲುಗಳ ಬಗ್ಗೆ ಹೇಳಲೇಬೇಕು. 7ರಲ್ಲಿ "ಶುರು" ಅಂದರೆ ಔಷಧ ರಕ್ತನಾಳಕ್ಕೆ ಹೋಗಲು ಶುರುವಾದ ನಿಮಿಷ. ಆರ್ಡರ್ ಬರೆದ ಸಮಯವೂ ಅಲ್ಲ, ವಯಲ್ ಒಡೆದ ಸಮಯವೂ ಅಲ್ಲ. ವಾರ್ಡ್ ಚಾರ್ಟ್‌ಗಳಲ್ಲಿ ಎಷ್ಟೋ ಸಲ ಡಾಕ್ಟರ್ ಬರೆದ ಆರ್ಡರ್‌ನ ಸಮಯವೇ ಕೊಟ್ಟ ಸಮಯದ ಜಾಗದಲ್ಲಿ ನಕಲಾಗಿರುತ್ತದೆ. 8 ಬೇಕಾಗಿದ್ದು ವ್ಯಾಂಕೊಮೈಸಿನ್‌ಗೆ. ಅದನ್ನು 1 ಗ್ರಾಂಗೆ ಸುಮಾರು ಒಂದು ಗಂಟೆ ತೆಗೆದುಕೊಂಡು ನಿಧಾನವಾಗಿ ಬಿಡಬೇಕು. ಅರ್ಧ ಗಂಟೆ ಮುಂಚೆ ಶುರು ಮಾಡಿದರೆ ಕಾಗದದ ಮೇಲೆ ಕಿಟಕಿಯೊಳಗೆ ಬೀಳುತ್ತದೆ, ಇನ್ಸಿಷನ್ ಹೊತ್ತಿಗೆ ಅರ್ಧ ಬಾಟಲಿ ಇನ್ನೂ ಮೇಲೆ ನೇತಾಡುತ್ತಾ ಇರುತ್ತದೆ. 10ರ ಕಾರಣ ಇಷ್ಟೆ: ರಕ್ತ ತಡೆಯಲು ಕಾಲಿಗೆ ಟೂರ್ನಿಕೆ ಬಿಗಿದ ಮೇಲೆ ಔಷಧ ಆ ಕಾಲಿಗೆ ಹೋಗುವುದಿಲ್ಲ, ಹಾಗಾಗಿ ಮೊಣಕಾಲಿನ ಕೇಸಿನಲ್ಲಿ ಇನ್ಸಿಷನ್ ಬದಲು ಟೂರ್ನಿಕೆ ಸಮಯದಿಂದ ಅಂತರ ಲೆಕ್ಕ ಹಾಕುತ್ತೇವೆ. 5 ಇರುವುದು ಡೋಸ್‌ಗಾಗಿ. ದೊಡ್ಡವರಿಗೆ ಸೆಫಜೋಲಿನ್ 2 ಗ್ರಾಂ, 120 ಕೆಜಿ ಅಥವಾ ಮೇಲಿದ್ದರೆ 3 ಗ್ರಾಂ. 12 ಮತ್ತು 13 ಎರಡನೇ ಡೋಸ್‌ಗಾಗಿ: ಸೆಫಜೋಲಿನ್ ಕೊಟ್ಟು 4 ಗಂಟೆ ದಾಟಿದರೂ ಸರ್ಜರಿ ನಡೆಯುತ್ತಿದ್ದರೆ ಮತ್ತೆ ಕೊಡಬೇಕು. ನಮ್ಮಲ್ಲಿ ಅಷ್ಟು ಉದ್ದದ ಕೇಸು ಕಡಿಮೆ, ಆದ್ದರಿಂದ ಇದನ್ನು ಪಕ್ಕದ ಪ್ರಶ್ನೆಯಾಗಿ ಇಟ್ಟೆವು.

ಯಾರು ತುಂಬುತ್ತಾರೆ, ಯಾವ ಗಡಿಯಾರ ನೋಡಿ

ಹಾಳೆ ತುಂಬುವವರು ಓಟಿಯ ಸರ್ಕ್ಯುಲೇಟಿಂಗ್ ಸಿಸ್ಟರ್, ಅಂದರೆ ಸ್ಟೆರೈಲ್ ಆಗದೆ ಓಡಾಡುವವರು. ಅನಸ್ತೇಷಿಯಾದವರೇ ತುಂಬಿದರೆ ತಮ್ಮದೇ ಕೆಲಸಕ್ಕೆ ತಾವೇ ಅಂಕ ಹಾಕಿಕೊಂಡಂತೆ ಆಗುತ್ತದೆ. ಜೊತೆಗೆ ವಾರಕ್ಕೊಮ್ಮೆ ಕ್ವಾಲಿಟಿ ವಿಭಾಗದವರು ಕೆಲವು ಹಾಳೆಗಳನ್ನು ಕೇಸ್ ಶೀಟ್ ಜೊತೆ ಇಟ್ಟು ಹೊಂದಿಸಿ ನೋಡುತ್ತಾರೆ.

ಗಡಿಯಾರದ ವಿಷಯ ಚಿಕ್ಕದು ಅನ್ನಿಸುತ್ತದೆ. ವಾರ್ಡ್ ಗೋಡೆಯ ಗಡಿಯಾರ, ಓಟಿ ಗೋಡೆಯದ್ದು, ಅನಸ್ತೇಷಿಯಾ ಮಾನಿಟರ್, ಸಿಸ್ಟರ್ ಫೋನ್, ನಾಲ್ಕನ್ನೂ ಒಟ್ಟಿಗೆ ನೋಡಿ, ಯಾವುದೂ ಇನ್ನೊಂದರ ಜೊತೆ ಕೂಡುವುದಿಲ್ಲ. ವಾರ್ಡ್‌ನದ್ದು ಏಳೆಂಟು ನಿಮಿಷ ಮುಂದೆ ಇದ್ದರೆ 55 ನಿಮಿಷದ ಕೇಸು 47 ಅಂತ ಕಾಣಬಹುದು, ಹಿಂದೆ ಇದ್ದರೆ 62 ಅಂತ. ಅದಕ್ಕೆ ಫೋನಿನ ಸಮಯವನ್ನು ಮಾದರಿಯಾಗಿ ಇಟ್ಟುಕೊಂಡು ಉಳಿದ ಎಲ್ಲವನ್ನೂ ಅದಕ್ಕೆ ಹೊಂದಿಸಿ, ಪ್ರತಿ ಸೋಮವಾರ ಬೆಳಿಗ್ಗೆ ಮತ್ತೆ ನೋಡುವುದು ಅಂತ ಬರೆದೆವು.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಬಂದ ಸಮಯಗಳ ಕೊನೆಯ ಅಂಕೆ ನೋಡಿ. ನಿಜವಾಗಿ ಗಡಿಯಾರ ನೋಡಿ ಬರೆದಿದ್ದರೆ ಕೊನೆಯ ಅಂಕೆ 0 ಅಥವಾ 5 ಬರುವುದು ಐದರಲ್ಲಿ ಒಂದು ಸಲ. ಹಾಳೆ ತುಂಬಾ 9:30, 9:45, 10:00 ಅಂತಲೇ ಇದ್ದರೆ ಅವು ಸಂಜೆ ಕೂತು ನೆನಪಿನಿಂದ ತುಂಬಿದ ಸಮಯಗಳು. ಅವುಗಳಿಂದ ಬಂದ ಶೇಕಡಾವನ್ನು ನಂಬಬೇಡಿ. ನಾವು ಮೊದಲ 20 ಹಾಳೆ ಬಂದ ಕೂಡಲೇ ಇದನ್ನು ಎಣಿಸುತ್ತೇವೆ. ಅರ್ಧಕ್ಕಿಂತ ಜಾಸ್ತಿ 0 ಅಥವಾ 5 ಬಂದರೆ ಅಲ್ಲಿಗೇ ನಿಲ್ಲಿಸಿ, ಸಿಸ್ಟರ್‌ಗಳ ಜೊತೆ ಕೂತು, ಹೊಸದಾಗಿ ಶುರು ಮಾಡುವುದು.

ನೋಡುತ್ತಿದ್ದಾರೆ ಅಂತ ಗೊತ್ತಾದಾಗ ಎಲ್ಲರೂ ಚೆನ್ನಾಗಿ ಮಾಡುತ್ತಾರೆ, ಅದು ಸಹಜ. ಅದಕ್ಕೆ ಶುರುವಿನ ಮೊದಲು, ಹಿಂದಿನ ತಿಂಗಳ ಕೇಸ್ ಶೀಟ್‌ಗಳಿಂದ ಸಿಕ್ಕಷ್ಟು ಸಮಯಗಳನ್ನು ತೆಗೆದು ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಅರ್ಧಂಬರ್ಧ ಇರುತ್ತದೆ, ಆದರೂ ಹೋಲಿಸಲು ಬೇಕು.

ಲೆಕ್ಕ ಹೇಗೆ ದಾರಿ ತಪ್ಪಿಸುತ್ತದೆ

ಎಕ್ಸೆಲ್‌ನಲ್ಲಿ ಇನ್ಸಿಷನ್ ಸಮಯದಿಂದ ಔಷಧದ ಸಮಯ ಕಳೆದರೆ ಸಾಕಲ್ವಾ? ಹಗಲು ಕೇಸಿಗೆ ಸಾಕು. ರಾತ್ರಿ 23:58ಕ್ಕೆ ಕೊಟ್ಟು 00:09ಕ್ಕೆ ಇನ್ಸಿಷನ್ ಆದ ಸಿಸೇರಿಯನ್‌ಗೆ ಉತ್ತರ ಮೈನಸ್‌ನಲ್ಲಿ ದೊಡ್ಡ ಸಂಖ್ಯೆ ಬರುತ್ತದೆ. ಅದನ್ನು ಸರಿಮಾಡಲು ಕೆಲವರು ಬರೀ MOD ಹಾಕುತ್ತಾರೆ. ಆಗ ಇನ್ಸಿಷನ್ ಆದ ಮೇಲೆ ಕೊಟ್ಟ ಕೇಸು ಇಡೀ ಒಂದು ದಿನ ಮುಂಚೆ ಕೊಟ್ಟಂತೆ ಕಾಣುತ್ತದೆ. ಎರಡನ್ನೂ ನಿಭಾಯಿಸುವ ಸೂತ್ರ ಇದು, B2ರಲ್ಲಿ ಔಷಧದ ಸಮಯ, C2ರಲ್ಲಿ ಇನ್ಸಿಷನ್:

```
=ROUND(MOD(C2-B2+0.5,1)*1440-720,0)
```

ಉತ್ತರ ನಿಮಿಷಗಳಲ್ಲಿ. ಪ್ಲಸ್ ಬಂದರೆ ಮುಂಚೆ ಕೊಟ್ಟದ್ದು, ಮೈನಸ್ ಬಂದರೆ ಇನ್ಸಿಷನ್ ಆದ ಮೇಲೆ. ಅಂತರ 12 ಗಂಟೆ ದಾಟಿದರೆ ಈ ಸೂತ್ರ ಕೆಲಸ ಮಾಡುವುದಿಲ್ಲ, ಅಂಥದ್ದು ಸಿಕ್ಕರೆ ಕೈಯಲ್ಲೇ ನೋಡಬೇಕು. ಇನ್ಸಿಷನ್ ಖಾನೆ ಖಾಲಿ ಇದ್ದರೆ ಎಕ್ಸೆಲ್ ಅದನ್ನು 00:00 ಅಂತ ತಿಳಿದು ಏನೋ ಒಂದು ಸಂಖ್ಯೆ ಕೊಟ್ಟುಬಿಡುತ್ತದೆ, ಆದ್ದರಿಂದ ಖಾಲಿ ಸಾಲುಗಳನ್ನು ಮೊದಲೇ ಬೇರೆ ಮಾಡಿ.

ಸಿಸ್ಟರ್‌ಗಳಿಗೆ ಮತ್ತು ಪಿಜಿಗಳಿಗೆ ಲೆಕ್ಕ ತೋರಿಸಲು ಎಂಟು ಸಾಲು ಬರೆದುಕೊಂಡೆವು. ಮೊದಲ ಸಾಲು ಮೇಲೆ ಹೇಳಿದ ಹರ್ನಿಯಾ ಕೇಸು, ಉಳಿದವು ಅಭ್ಯಾಸಕ್ಕೆ ನಾವೇ ಹಾಕಿದ ಸಂಖ್ಯೆಗಳು, ಆಡಿಟ್‌ನ ಫಲಿತಾಂಶ ಅಲ್ಲ.

| ಕೇಸು | ಔಷಧ | ಇನ್ಸಿಷನ್ | ಅಂತರ | ಗುಂಪು |
|---|---|---|---|---|
| ಹರ್ನಿಯಾ | 07:40 | 10:25 | 165 | ತುಂಬಾ ಮುಂಚೆ |
| ಯೋಜಿತ ಸಿಸೇರಿಯನ್ | 09:12 | 09:31 | 19 | ಸರಿ |
| ಎಮರ್ಜೆನ್ಸಿ ಸಿಸೇರಿಯನ್ | 23:58 | 00:09 | 11 | ಸರಿ |
| ಎಮರ್ಜೆನ್ಸಿ ಸಿಸೇರಿಯನ್ | 11:46 | 11:38 | −8 | ತಡ |
| ಗರ್ಭಕೋಶ ತೆಗೆದದ್ದು | 08:20 | 09:47 | 87 | 60–120 |
| ಸೊಂಟದ ಮೂಳೆ | 10:03 | 10:41 | 38 | ಸರಿ |
| ಹರ್ನಿಯಾ | 12:15 | ಬರೆದಿಲ್ಲ | – | ಗೊತ್ತಿಲ್ಲ |
| ಯೋಜಿತ ಸಿಸೇರಿಯನ್ | 14:29 | 14:33 | 4 | ಸರಿ |

ಸಮಯ ಸಿಕ್ಕ ಏಳು ಕೇಸುಗಳ ಸರಾಸರಿ ತೆಗೆದರೆ 45 ನಿಮಿಷ. ಮಧ್ಯದ ಸಂಖ್ಯೆ 19 ನಿಮಿಷ. ಎರಡೂ ಕಿಟಕಿಯೊಳಗೆ ಅಂದವಾಗಿ ಕೂತಿವೆ. ಆದರೆ ಎಂಟರಲ್ಲಿ ಸರಿಯಾದದ್ದು ನಾಲ್ಕೇ, 50%. ಮೈನಸ್ ಎಂಟನ್ನು ಪ್ಲಸ್ 165 ಜೊತೆ ಕೂಡಿಸಿದರೆ ಎರಡು ಬೇರೆ ಬೇರೆ ತಪ್ಪುಗಳು ಸೇರಿ ಒಂದು ಒಳ್ಳೆಯ ಸರಾಸರಿ ಆಗಿಬಿಡುತ್ತದೆ. ಅದಕ್ಕೆ ನಮ್ಮ ರಿಪೋರ್ಟ್‌ನಲ್ಲಿ ಸರಾಸರಿಗೆ ಜಾಗ ಇಲ್ಲ. ಪ್ರತಿ ಗುಂಪಿನಲ್ಲಿ ಎಷ್ಟು ಕೇಸು, ಅಷ್ಟೇ.

"ಗೊತ್ತಿಲ್ಲ" ಅನ್ನುವ ಕೇಸನ್ನು ಬಿಟ್ಟರೆ ಏಳರಲ್ಲಿ ನಾಲ್ಕು, 57% ಆಗುತ್ತದೆ. ಬಿಡಬಾರದು. ಸಮಯ ಬರೆಯದ ಕೇಸನ್ನು ಕೈಬಿಟ್ಟರೆ, ಬರೆಯದೇ ಇರುವುದು ಅಂಕ ಹೆಚ್ಚಿಸುವ ದಾರಿ ಆಗುತ್ತದೆ. ನಮ್ಮ ನಿಯಮದಲ್ಲಿ ಗೊತ್ತಿಲ್ಲ ಅಂದರೆ ಕಿಟಕಿ ತಪ್ಪಿದಂತೆ, ಆದರೆ ಗುಂಪು ಬೇರೆ, ಯಾಕೆಂದರೆ ಅದನ್ನು ಸರಿಮಾಡುವ ದಾರಿಯೂ ಬೇರೆ.

ಸೋಂಕು ಕಡಿಮೆಯಾಯಿತಾ ಅಂತಲೂ ತೋರಿಸಿ ಅಂತ ಆಡಳಿತದವರು ಕೇಳಿದರು. ಇಲ್ಲ ಅಂತ ನೇರವಾಗಿ ಹೇಳಿದೆವು. ಸೋಂಕು 5% ಇದೆ ಅಂತಿಟ್ಟುಕೊಂಡರೆ 81 ಕೇಸಿನಲ್ಲಿ ನಾಲ್ಕು ಜನ. ಅದು ಮೂರಾದರೂ ಐದಾದರೂ ಏನೂ ಹೇಳಲಾಗದು. 30 ದಿನ ಗಾಯದ ನಿಗಾ ಇಡುವುದು ಬೇರೆ ಕೆಲಸ, ಅದು ಆಸ್ಪತ್ರೆಯಲ್ಲಿ ಬೇರೆಯಾಗಿ ನಡೆಯಬೇಕು. ಈ ಆಡಿಟ್ ಅಳೆಯುವುದು ಒಂದು ಕೆಲಸ ಹೊತ್ತಿಗೆ ಸರಿಯಾಗಿ ಆಯಿತಾ ಅನ್ನುವುದನ್ನು ಮಾತ್ರ.

ಮೊದಲ ಸುತ್ತಿನ ನಂತರ ಏನು ಬದಲಾಯಿಸುವುದು

ಹಾಳೆಯ 9ನೇ ಮತ್ತು 15ನೇ ಸಾಲುಗಳು ಇದಕ್ಕಾಗಿಯೇ ಇವೆ. ನಾಲ್ಕಾರು ದಿನ ಹಾಳೆ ಪರೀಕ್ಷೆ ಮಾಡಿ ನೋಡುವಾಗಲೇ ವಾರ್ಡ್‌ನಲ್ಲಿ ಯಾಕೆ ಕೊಡುತ್ತಾರೆ ಅನ್ನುವುದಕ್ಕೆ ಎರಡು ಕಾರಣ ಸಿಕ್ಕವು, ಎರಡೂ ಯಾರ ಅಸಡ್ಡೆಯೂ ಅಲ್ಲ. ಒಂದು, ಔಷಧವನ್ನು ಪೇಷಂಟ್ ಕಡೆಯವರು ಫಾರ್ಮಸಿಯಿಂದ ತಂದು ವಾರ್ಡ್‌ಗೆ ಕೊಡುತ್ತಾರೆ. ವಯಲ್ ವಾರ್ಡ್‌ನಲ್ಲಿದೆ, ಬಿಲ್ ಆ ಪೇಷಂಟ್ ಹೆಸರಿನಲ್ಲಿದೆ, ಹಾಗಾಗಿ ವಾರ್ಡ್‌ನಲ್ಲೇ ಹೋಗುತ್ತದೆ. ಎರಡು, ಟೆಸ್ಟ್ ಡೋಸ್. ಬೆಳಿಗ್ಗೆ ಚರ್ಮಕ್ಕೆ ಚುಚ್ಚಿ ನೋಡಲು ವಯಲ್ ಒಡೆದಾಗಿರುತ್ತದೆ, ಉಳಿದದ್ದನ್ನು ಇಟ್ಟುಕೊಂಡು ಏನು ಮಾಡುವುದು ಅಂತ ಅದನ್ನೂ ಕೊಟ್ಟುಬಿಡುತ್ತಾರೆ. ಅಲರ್ಜಿಯ ಹಿನ್ನೆಲೆ ಏನೂ ಇಲ್ಲದವರಿಗೆ ಸೆಫಜೋಲಿನ್ ಸೇರಿದ ಸೆಫಲೋಸ್ಪೊರಿನ್ ಗುಂಪಿನ ಔಷಧಗಳ ಚರ್ಮದ ಪರೀಕ್ಷೆ ದಿನಚರಿಯಾಗಿ ಮಾಡಬೇಕಾಗಿಲ್ಲ. ಬಾಯಿಬಿಟ್ಟು ಸರಿಯಾಗಿ ಕೇಳುವುದು ಮುಖ್ಯ: ಯಾವ ಔಷಧ ಆಗಲಿಲ್ಲ, ಆಗ ಏನಾಯಿತು.

ಇದರಿಂದ ಯೋಜನೆ ತಾನಾಗಿಯೇ ಬಂತು. ಸೆಫಜೋಲಿನ್ ಓಟಿ ಸ್ಟಾಕ್‌ಗೆ ಇಂಡೆಂಟ್ ಹಾಕುವುದು, ಬಿಲ್ ಓಟಿಯಿಂದಲೇ ಹೋಗುವುದು. "ಓಟಿಗೆ ಕಳಿಸುವ ಮುಂಚೆ" ಅನ್ನುವ ಆರ್ಡರ್ ನಿಲ್ಲಿಸುವುದು. ಪೇಷಂಟ್ ಟೇಬಲ್ ಮೇಲೆ ಬಂದು ಮಾನಿಟರ್ ಹಾಕಿದ ಕೂಡಲೇ, ಸ್ಪೈನಲ್‌ಗೆ ಅಥವಾ ನಿದ್ರೆ ಬರಿಸುವ ಮುಂಚೆ, ಅನಸ್ತೇಷಿಯಾದವರು ಕೊಡುವುದು. ಆಗ ಅಲರ್ಜಿ ಆದರೆ ಯಾವ ಔಷಧದಿಂದ ಅಂತ ಗೊತ್ತಾಗುತ್ತದೆ, ಪೇಷಂಟ್ ಎಚ್ಚರ ಇರುತ್ತಾರೆ, ಮಾನಿಟರ್ ಕಣ್ಣೆದುರೇ ಇದೆ. ವ್ಯಾಂಕೊಮೈಸಿನ್ ಬೇಕಾದವರು ಮಾತ್ರ ಅಪವಾದ. ಅವರ ಡ್ರಿಪ್ ಮುಂಚೆಯೇ ಶುರುವಾಗಬೇಕು. ಅದಕ್ಕೆ ಓಟಿಯಿಂದ ವಾರ್ಡ್‌ಗೆ ಫೋನ್ ಮಾಡಿ "ಈಗ ಹಾಕಿ" ಅನ್ನುವುದು.

ವಿಶ್ವ ಆರೋಗ್ಯ ಸಂಸ್ಥೆಯ 2008ರ ಸರ್ಜರಿ ಸುರಕ್ಷತಾ ಚೆಕ್‌ಲಿಸ್ಟ್‌ನಲ್ಲಿ, ಇನ್ಸಿಷನ್‌ಗೆ ಮುಂಚೆ ಎಲ್ಲರೂ ನಿಲ್ಲುವ ಹಂತದಲ್ಲಿ, ಕಳೆದ 60 ನಿಮಿಷದಲ್ಲಿ ಆಂಟಿಬಯಾಟಿಕ್ ಕೊಟ್ಟಿದೆಯೇ ಅನ್ನುವ ಪ್ರಶ್ನೆ ಇದೆ. ನಮ್ಮಲ್ಲಿ ಅದನ್ನು "ಆಂಟಿಬಯಾಟಿಕ್ ಕೊಟ್ಟಾಯ್ತಾ ಸರ್?" ಅಂತ ಕೇಳಿ, "ಆಯ್ತು ಸಿಸ್ಟರ್" ಅನ್ನಿಸಿಕೊಂಡು ಮುಂದೆ ಹೋಗುತ್ತಿದ್ದೆವು. ಇನ್ನು ಮುಂದೆ ಪ್ರಶ್ನೆ "ಎಷ್ಟು ಗಂಟೆಗೆ?". ಉತ್ತರದಲ್ಲಿ ಗಂಟೆ ನಿಮಿಷ ಬರಬೇಕು, ಅದನ್ನು ಸಿಸ್ಟರ್ ಗಟ್ಟಿಯಾಗಿ ಮತ್ತೊಮ್ಮೆ ಹೇಳಿ ಬರೆಯಬೇಕು. 60 ನಿಮಿಷ ದಾಟಿದ್ದರೆ ಇನ್ನೊಂದು ಡೋಸ್ ಬೇಕೇ ಅಂತ ಅಲ್ಲೇ, ಚಾಕು ಎತ್ತುವ ಮುಂಚೆ ತೀರ್ಮಾನ.

ಎರಡನೇ ಸುತ್ತು ಬದಲಾವಣೆ ಜಾರಿಯಾದ ಮೂರು ತಿಂಗಳಿಗೆ, ಅದೇ ಹಾಳೆ, ಅದೇ ಅಳತೆಗೋಲು, ಮತ್ತೆ ಸಾಲಾಗಿ 81 ಕೇಸು. ಗುರಿ 95%. ಒಟ್ಟು ಸಂಖ್ಯೆ ಏರಿ ರಾತ್ರಿ ಎಮರ್ಜೆನ್ಸಿ ಮಾತ್ರ ಹಾಗೇ ಉಳಿದರೆ ಗುರಿ ಮುಟ್ಟಿಲ್ಲ ಅಂತಲೇ ಬರೆಯುತ್ತೇವೆ. "ತುಂಬಾ ಮುಂಚೆ" ಗುಂಪು ಖಾಲಿಯಾಗಿ "ತಡ" ಗುಂಪು ತುಂಬಿದರೂ ಹಾಗೇ. ಕೆಲಸ ವಾರ್ಡ್‌ನಿಂದ ಓಟಿಗೆ ಬಂದಾಗ ಈ ಎರಡನೆಯ ತಪ್ಪು ಹುಟ್ಟುವ ಸಾಧ್ಯತೆ ನಿಜವಾಗಿಯೂ ಇದೆ, ಹಾಗಾಗಿ ಜಾರಿಯಾದ ಮೊದಲ ಎರಡು ವಾರ ದಿನದ ಕೊನೆಗೆ ಮೈನಸ್ ಅಂತರ ಬಂದ ಹಾಳೆಗಳನ್ನು ಮಾತ್ರ ಓಟಿ ಇನ್‌ಚಾರ್ಜ್ ಸಿಸ್ಟರ್ ಮತ್ತು ನಾನು ಒಟ್ಟಿಗೆ ನೋಡುತ್ತೇವೆ.